ಯೂನಿಫಾರ್ಮ್, ಸೋಫಾ, ಕಾರ್ಪೆಟ್‌ಗೆ ಅಂಟಿದ ಚೂಯಿಂಗ್ ಗಮ್ ತೆಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೋಪು ಹಾಕಿ ಎಷ್ಟು ಉಜ್ಜಿದರೂ ಗಮ್ ಹೋಗುವುದಿಲ್ಲ. ಏಕೆ?

ಬಾಯಲ್ಲಿ ಹಾಕಿದ ಗಮ್‌ನಲ್ಲಿ ಸಕ್ಕರೆ, ಬಣ್ಣ, ಪರಿಮಳ ಎಲ್ಲವೂ ಎಂಜಲಿನಲ್ಲಿ ಕರಗಿ ಹೊಟ್ಟೆಗೆ ಹೋಗುತ್ತವೆ. ಗಂಟೆಗಟ್ಟಲೆ ಅಗಿದರೂ ಕರಗದೆ ಬಾಯಲ್ಲೇ ಉಳಿಯುವ ಭಾಗ ಒಂದಿದೆಯಲ್ಲ, ಬಟ್ಟೆಗೆ ಅಂಟಿರುವುದು ಅದೇ. ಅದು ಒಂದು ಬಗೆಯ ರಬ್ಬರು. ಇಂದಿನ ಗಮ್‌ಗಳಲ್ಲಿ ಸಾಮಾನ್ಯವಾಗಿ ಪಾಲಿಐಸೊಬ್ಯುಟಿಲೀನ್‌ನಂಥ ಕೃತಕ ರಬ್ಬರು, ಪಾಲಿವಿನೈಲ್ ಅಸಿಟೇಟ್ ಎಂಬ ರಾಳ, ಜೊತೆಗೆ ಸ್ವಲ್ಪ ಮೇಣ ಇರುತ್ತವೆ. ಇವು ಯಾವುವೂ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ನೀರು ಬಿದ್ದರೆ ಗಮ್‌ಗೆ ಏನೂ ಆಗದು, ಬಟ್ಟೆ ಮಾತ್ರ ನೆನೆಯುತ್ತದೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ, ಮುಂದಿನ ಎಲ್ಲ ಉತ್ತರಗಳೂ ಇವುಗಳ ಮೇಲೇ ನಿಂತಿವೆ. ಒಂದು, ರಬ್ಬರು ಬಿಸಿಗೆ ಮೆತ್ತಗಾಗಿ ಹರಡುತ್ತದೆ, ತಣ್ಣಗಾದರೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಎರಡು, ನೀರಿಗೆ ಬಗ್ಗದ ಈ ಪದಾರ್ಥ ಎಣ್ಣೆಗೆ ಬಗ್ಗುತ್ತದೆ. ಗಮ್ ಅಗಿಯುತ್ತಿರುವಾಗ ಬಾಯಿಗೆ ಚಾಕೊಲೇಟ್ ಹಾಕಿಕೊಂಡ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು: ಒಂದೆರಡು ನಿಮಿಷದಲ್ಲಿ ಗಮ್ ಪುಡಿಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ಚಾಕೊಲೇಟಿನ ಕೊಬ್ಬು ಮಾಡುವ ಕೆಲಸ ಅದು.

ಈಗಷ್ಟೇ ಅಂಟಿದೆ. ಮೊದಲು ಏನು ಮಾಡಲಿ?

ಕೈ ಹಾಕಬೇಡಿ. ಬೆರಳಿನ ಬಿಸಿಯೇ ಗಮ್ ಅನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಎಳೆದಾಗ ಅದು ದಾರದಂತೆ ಉದ್ದವಾಗಿ ಬರುತ್ತದೆ. ಬಿಟ್ಟರೆ ಪಕ್ಕದ ಜಾಗಕ್ಕೆ ಬಿದ್ದು, ರೂಪಾಯಿ ನಾಣ್ಯದಷ್ಟಿದ್ದದ್ದು ಅಂಗೈಯಷ್ಟಾಗುತ್ತದೆ. ಟಿಶ್ಯೂ ಪೇಪರಿನಿಂದ ಒರೆಸುವುದೂ ಬೇಡ, ಪೇಪರಿನ ನಾರು ಗಮ್ ಜೊತೆ ಸೇರಿ ಇನ್ನೊಂದು ಪದರ ಆಗುತ್ತದೆ.

ಬಟ್ಟೆಯಾದರೆ ಗಮ್ ಇರುವ ಭಾಗ ಬೇರೆಲ್ಲೂ ತಾಗದಂತೆ ಹೊರಮುಖವಾಗಿ ಮಡಿಸಿ ಎತ್ತಿಡಿ. ಸೋಫಾ ಅಥವಾ ಕಾರ್ಪೆಟ್ ಆದರೆ ಅದರ ಮೇಲೊಂದು ಸ್ಟೀಲ್ ಬಟ್ಟಲು ಬೋರಲು ಹಾಕಿ, ಯಾರೂ ಕೂರದಂತೆ, ತುಳಿಯದಂತೆ ನೋಡಿಕೊಂಡು ಐಸ್ ತರಲು ಹೋಗಿ. ಬಕೆಟ್ಟಿನಲ್ಲಿ ನೆನೆಹಾಕುವುದು, ಬಿಸಿನೀರು ಸುರಿಯುವುದು, ವಾಷಿಂಗ್ ಮೆಷಿನ್‌ಗೆ ಹಾಕುವುದು, ಈ ಮೂರೂ ಈಗ ಬೇಡ. ಮೆಷಿನ್‌ನಲ್ಲಿ ಬಿಸಿನೀರಿನ ಸೆಟ್ಟಿಂಗ್ ಇದ್ದರಂತೂ ಒಂದು ಪ್ಯಾಂಟಿನ ಗಮ್ ಐದು ಬಟ್ಟೆಗೆ ಹಂಚಿಕೆಯಾಗಿ ಹೊರಬರುತ್ತದೆ.

ಮಗ ಸಂಜೆ ಶಾಲೆಯಿಂದ ಬಂದಾಗ ಪ್ಯಾಂಟಿನ ಹಿಂಬದಿಗೆ ಗಮ್ ಅಂಟಿತ್ತು. ನಾಳೆ ಬೆಳಿಗ್ಗೆ ಅದೇ ಪ್ಯಾಂಟು ಬೇಕು. ಸಮಯ ಸಾಕೇ?

ಸಾಕು, ಧಾರಾಳವಾಗಿ ಸಾಕು. ಬೆಂಚಿನ ಮೇಲಿದ್ದ ಗಮ್ ಮೇಲೆ ಕೂತು, ದಿನವಿಡೀ ಒತ್ತಿ ಒತ್ತಿ ನೇಯ್ಗೆಯೊಳಗೆ ಇಳಿದಿರುವ ಪ್ರಸಂಗ ಇದು. ಶಾಲಾ ಪ್ಯಾಂಟು, ಸ್ಕರ್ಟು ಬಹುತೇಕ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಸೂಟಿಂಗ್ ಬಟ್ಟೆ, ಇಲ್ಲವೇ ಟೆರಿಕಾಟ್. ಎರಡೂ ಗಟ್ಟಿ ನೇಯ್ಗೆಯವು, ಎರಡಕ್ಕೂ ಕೆಳಗಿನ ವಿಧಾನ ಒಗ್ಗುತ್ತದೆ. ಸಂಜೆ ಐದಕ್ಕೆ ಶುರು ಮಾಡಿದರೆ ಹೀಗೆ ನಡೆಯುತ್ತದೆ.

ಐದು ಗಂಟೆ. ಜೇಬುಗಳನ್ನು ಖಾಲಿ ಮಾಡಿ, ಗಮ್ ಮೇಲೆ ಬರುವಂತೆ ಪ್ಯಾಂಟನ್ನು ಚೌಕವಾಗಿ ಮಡಿಸಿ. ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಮ್ ಕವರಿಗೆ ತಾಗದ ಹಾಗೆ ಬಾಯಿ ತೆರೆದಿಟ್ಟು ಫ್ರೀಜರಿನಲ್ಲಿ ಇಡಿ. ಕವರು ಮರೆತರೆ ಫ್ರೀಜರಿನ ತೇವ ಬಟ್ಟೆಗೆ ಹಿಡಿದು ಗೋಡೆಗೆ ಅಂಟಿಕೊಳ್ಳುತ್ತದೆ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ, ಅದು ಸಾಕು. ಕೆಳಗಿನ ಫ್ರಿಜ್ ಭಾಗ ಸಾಲದು, ಅಲ್ಲಿ ಗಮ್ ಗಟ್ಟಿಯಾಗುತ್ತದೆಯೇ ಹೊರತು ಮುರಿಯುವಷ್ಟು ಪೆಡಸಾಗುವುದಿಲ್ಲ.

ಆರೂವರೆ. ಹೊರತೆಗೆಯುವ ಮುಂಚೆಯೇ ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಮೊಂಡ ಚಾಕು ಅಥವಾ ಸ್ಟೀಲ್ ಚಮಚ, ಜೊತೆಗೆ ಒಂದು ಹಾಳೆ ಪೇಪರ್ ಸಿದ್ಧ ಇಟ್ಟುಕೊಳ್ಳಿ. ಏಕೆಂದರೆ ನಿಮಗೆ ಸಿಗುವ ಸಮಯ ಒಂದೆರಡು ನಿಮಿಷ ಮಾತ್ರ, ತೆಳು ಬಟ್ಟೆ ಅಷ್ಟರಲ್ಲೇ ಬೆಚ್ಚಗಾಗುತ್ತದೆ. ತೆಗೆದ ಕೂಡಲೇ ಗಮ್ ಇರುವ ಜಾಗವನ್ನು ಎರಡೂ ಕಡೆಯಿಂದ ಹಿಡಿದು ಹಿಂದಕ್ಕೆ ಬಗ್ಗಿಸಿ. ಒಣ ಚಪಾತಿ ಮುರಿದಂತೆ ಲಟ್ ಎಂದು ಸೀಳುಬಿಡಬೇಕು. ಸೀಳಿದರೆ ಚಮಚದ ಅಂಚನ್ನು ಬಟ್ಟೆಗೆ ಮಲಗಿಸಿದಂತೆ ಹಿಡಿದು ಸೀಳಿನ ಕೆಳಗೆ ತೂರಿಸಿ ಮೇಲಕ್ಕೆ ಎಬ್ಬಿಸಿ. ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಸೀಳದೆ ಬಾಗಿದರೆ ಇನ್ನೂ ತಣ್ಣಗಾಗಿಲ್ಲ ಎಂದರ್ಥ, ಮತ್ತೆ ಅರ್ಧ ಗಂಟೆ ಒಳಗಿಡಿ. ಕೆರೆಯುತ್ತಿರುವಾಗ ಚಮಚಕ್ಕೆ ಗಮ್ ಅಂಟತೊಡಗಿದರೆ ಅಲ್ಲಿಗೇ ನಿಲ್ಲಿಸಿ. ‘ಇನ್ನೊಂದು ಸ್ವಲ್ಪ ಇದೆಯಷ್ಟೇ’ ಎಂದು ಮುಂದುವರಿಸಿದ ಆ ಅರ್ಧ ನಿಮಿಷದಲ್ಲೇ ಹೆಚ್ಚಿನ ಬಟ್ಟೆಗಳು ಕೆಡುವುದು. ಎರಡು ಮೂರು ಸಲ ಫ್ರೀಜರಿಗೆ ಹೋಗಿ ಬರಬೇಕಾದರೂ ಅವಸರ ಪಡಬೇಡಿ. ಉದುರಿದ ಚಕ್ಕೆಗಳನ್ನು ಪೇಪರಿನಲ್ಲಿ ಸುತ್ತಿ ತಕ್ಷಣ ಬಿಸಾಡಿ, ಬೆಚ್ಚಗಾದರೆ ಮತ್ತೆ ಅಂಟುತ್ತವೆ.

ಎಂಟು ಗಂಟೆ. ಈಗ ಉಬ್ಬು ಹೋಗಿರುತ್ತದೆ. ನೇಯ್ಗೆಯ ಸಂದಿಯಲ್ಲಿ ಬಿಳಿಚಿಕೊಂಡ ತೆಳ್ಳನೆಯ ಪದರವೊಂದು ಉಳಿದಿರುತ್ತದೆ, ಅದಕ್ಕೆ ಎಣ್ಣೆ. ಮೊದಲು ಪ್ಯಾಂಟಿನ ಒಳಗಿನ ಹೊಲಿಗೆಯ ಅಂಚಿನಲ್ಲಿ ಒಂದು ಹನಿ ನೀಲಗಿರಿ ಎಣ್ಣೆ ಹಾಕಿ, ಐದು ನಿಮಿಷ ಬಿಟ್ಟು ಬಿಳಿ ಹತ್ತಿಯಿಂದ ಒತ್ತಿ ನೋಡಿ. ಹತ್ತಿಗೆ ಬಟ್ಟೆಯ ಬಣ್ಣ ಬರದಿದ್ದರೆ ಮುಂದುವರಿಯಿರಿ. ಕಲೆಯ ಕೆಳಗೆ ಹಳೇ ಬನಿಯನ್ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಇಡಿ. ಹತ್ತಿಯುಂಡೆಗೆ ಐದಾರು ಹನಿ ಎಣ್ಣೆ ಹಾಕಿ, ಕಲೆಯ ಮೇಲೆ ಒತ್ತಿ ಹಿಡಿದು ಎರಡು ಮೂರು ನಿಮಿಷ ಕಾಯಿರಿ. ಆಮೇಲೆ ಹೊರಗಿನ ಅಂಚಿನಿಂದ ನಡುವಿಗೆ ಉಜ್ಜಿ, ನಡುವಿನಿಂದ ಹೊರಕ್ಕಲ್ಲ. ಗಮ್ ಸಣ್ಣ ಸಣ್ಣ ಉರುಳೆಗಳಾಗಿ ಏಳುತ್ತದೆ, ಹತ್ತಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕೊಳೆಯಾದ ಹತ್ತಿಯಲ್ಲೇ ಉಜ್ಜಿದರೆ ತೆಗೆದದ್ದನ್ನೇ ವಾಪಸ್ ಹಚ್ಚಿದಂತೆ, ಪ್ರತಿ ಸಲ ಹೊಸ ಹತ್ತಿ ತೆಗೆದುಕೊಳ್ಳಿ.

ಎಂಟೂವರೆ. ಬಟ್ಟೆಗೆ ನೀರು ತಾಗಿಸುವ ಮೊದಲೇ, ಎಣ್ಣೆಯಿರುವ ಜಾಗಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಟೀ ಚಮಚ ಹಾಕಿ ಹಳೇ ಟೂತ್ ಬ್ರಶ್‌ನಿಂದ ಮೆಲ್ಲಗೆ ತಿಕ್ಕಿ. ಮೊದಲೇ ನೀರು ಹಾಕಿದರೆ ಲಿಕ್ವಿಡ್ ತೆಳುವಾಗಿ ಎಣ್ಣೆಯನ್ನು ಹಿಡಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿನಲ್ಲಿ ಜಾಲಾಡಿ, ನಂತರ ಎಂದಿನಂತೆ ಪುಡಿ ಹಾಕಿ ಒಗೆಯಿರಿ. ರಾತ್ರಿ ಫ್ಯಾನ್ ಕೆಳಗೆ ಹರವಿದರೆ ಬೆಳಿಗ್ಗೆ ಹೊತ್ತಿಗೆ ಪ್ಯಾಂಟು ಒಣಗಿರುತ್ತದೆ. ಇಸ್ತ್ರಿ ಮಾಡುವ ಮುಂಚೆ ಕಲೆ ಪೂರ್ತಿ ಹೋಗಿದೆಯೇ ನೋಡಿ. ನೋಡುವ ಬಗೆ ಮುಂದೆ ಹೇಳಿದ್ದೇವೆ.

ಫ್ರೀಜರ್ ಇಲ್ಲ, ಹಾಸ್ಟೆಲಿನಲ್ಲಿದ್ದೇನೆ. ಏನು ಮಾಡಲಿ?

ಜ್ಯೂಸ್ ಅಂಗಡಿಯಲ್ಲೋ ಬೇಕರಿಯಲ್ಲೋ ಒಂದು ಹಿಡಿ ಐಸ್ ಕೇಳಿ ತನ್ನಿ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಗಮ್ ಮೇಲಿಟ್ಟು ಹದಿನೈದು ನಿಮಿಷ ಭಾರ ಹೇರಿ. ಐಸಿನ ಜೊತೆ ಎರಡು ಚಮಚ ಉಪ್ಪು ಹಾಕಿದರೆ ತಂಪು ಸೊನ್ನೆಗಿಂತ ಕೆಳಗಿಳಿಯುತ್ತದೆ, ಕುಲ್ಫಿಯವರು ಮಾಡುವುದೂ ಇದನ್ನೇ. ಆದರೆ ಉಪ್ಪುನೀರು ಬಟ್ಟೆಗೆ ಸೋರದ ಹಾಗೆ ಕವರನ್ನು ಬಿಗಿಯಾಗಿ ಕಟ್ಟಬೇಕು.

ನೀಲಗಿರಿ ಎಣ್ಣೆಯೇ ಏಕೆ? ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಆಗದೇ?

ಕೊಬ್ಬರಿ ಎಣ್ಣೆಯೂ ಆಗುತ್ತದೆ, ನಿಧಾನವಷ್ಟೆ. ಹಚ್ಚಿ ಅರ್ಧ ಗಂಟೆ ಬಿಡಬೇಕು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದರೆ ಮೊದಲು ಕರಗಿಸಿಕೊಳ್ಳಿ. ತೊಂದರೆ ಇರುವುದು ಆಮೇಲೆ: ಅಡುಗೆಗೆ, ತಲೆಗೆ ಬಳಸುವ ಎಣ್ಣೆ ಆವಿಯಾಗುವುದಿಲ್ಲ. ಒಗೆಯಬಹುದಾದ ಯೂನಿಫಾರ್ಮಿಗೆ ಅದರಿಂದ ಚಿಂತೆಯಿಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಸಲ ಒಗೆದರೆ ಹೋಗುತ್ತದೆ. ಆದರೆ ಸೋಫಾ, ಕಾರ್ಪೆಟ್ಟನ್ನು ಬಕೆಟ್ಟಿನಲ್ಲಿ ಜಾಲಾಡಲು ಬರುವುದಿಲ್ಲವಲ್ಲ. ಅಲ್ಲಿ ಕೊಬ್ಬರಿ ಎಣ್ಣೆ ಹಾಕಿದರೆ ಗಮ್ ಹೋದ ಜಾಗದಲ್ಲಿ ಜಿಡ್ಡಿನ ಕಲೆ ಕೂರುತ್ತದೆ, ಅದು ದೂಳನ್ನು ಕರೆದು ಕರೆದು ತಿಂಗಳೊಳಗೆ ಕಪ್ಪಾಗುತ್ತದೆ. ನೀಲಗಿರಿ ಎಣ್ಣೆ ಗಮ್‌ನ ರಬ್ಬರಿನೊಳಗೆ ಬೇಗ ಇಳಿಯುತ್ತದೆ, ಕೆಲಸ ಮುಗಿದ ಮೇಲೆ ಬಹುಪಾಲು ಆವಿಯಾಗಿ ಹೋಗುತ್ತದೆ. ಸೋಫಾ ಮತ್ತು ಕಾರ್ಪೆಟ್ಟಿಗೆ ಅದನ್ನೇ ಬಳಸಿ ಎನ್ನುವುದು ಇದಕ್ಕೇ. ಮೆಡಿಕಲ್ ಶಾಪಿನಲ್ಲಿ ಸಣ್ಣ ಬಾಟಲಿ ಸಿಗುತ್ತದೆ, ಒಂದು ಕಲೆಗೆ ಒಂದು ಟೀ ಚಮಚಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಆದರೆ ಜೋಪಾನ. ನೀಲಗಿರಿ ಎಣ್ಣೆ ಸ್ವಲ್ಪವೇ ಆದರೂ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಕೆಲಸ ಮುಗಿದ ಕೂಡಲೇ ಬಾಟಲಿ ಎತ್ತರದಲ್ಲಿಡಿ. ಬೆಂಕಿ ಹಿಡಿಯುವ ಎಣ್ಣೆಯಾದ್ದರಿಂದ ಒಲೆಯ ಹತ್ತಿರ, ದೀಪದ ಮುಂದೆ ಬಳಸಬೇಡಿ, ಕಿಟಕಿ ತೆರೆದಿರಲಿ. ಥರ್ಮೋಕೋಲ್ ಬಟ್ಟಲಿಗೋ ಯೂಸ್ ಅಂಡ್ ಥ್ರೋ ಪ್ಲಾಸ್ಟಿಕ್ ಲೋಟಕ್ಕೋ ಸುರಿಯಬೇಡಿ, ಥರ್ಮೋಕೋಲನ್ನು ಅದು ಕರಗಿಸಿಯೇ ಬಿಡುತ್ತದೆ. ಸ್ಟೀಲ್ ಬಟ್ಟಲು ಒಳ್ಳೆಯದು.

ಒಗೆದ ಮೇಲೂ ಆ ಜಾಗ ಸ್ವಲ್ಪ ಕಪ್ಪಾಗಿ ಕಾಣುತ್ತಿದೆ. ಅದು ಗಮ್ಮೋ ಎಣ್ಣೆಯೋ?

ಬಟ್ಟೆ ಪೂರ್ತಿ ಒಣಗಿದ ಮೇಲೆ ನೋಡಿ, ಒದ್ದೆಯಲ್ಲಿ ಎಲ್ಲವೂ ಒಂದೇ ರೀತಿ ಕಾಣುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಣ ಬೆರಳನ್ನು ಐದು ಸೆಕೆಂಡ್ ಒತ್ತಿ ಎತ್ತಿ. ಎತ್ತುವಾಗ ಬಟ್ಟೆ ಚೂರೇಚೂರು ಬೆರಳಿನ ಜೊತೆ ಎದ್ದು ಬಂದರೆ, ಅಥವಾ ಆ ಜಾಗದಲ್ಲಿ ನೂಲಿನ ಚೂರು, ದೂಳು ಹಿಡಿದುಕೊಂಡಿದ್ದರೆ, ಗಮ್ ಪದರ ಇನ್ನೂ ಇದೆ. ಅದಕ್ಕೆ ಮತ್ತೊಂದು ಸುತ್ತು ನೀಲಗಿರಿ ಎಣ್ಣೆ. ಅಂಟೇ ಇಲ್ಲ, ಆದರೆ ಒದ್ದೆಯಾದಂತೆ ಗಾಢವಾಗಿ ಕಾಣುತ್ತಿದೆ, ಅಂಚು ಮಸುಕಾಗಿದೆ ಎಂದರೆ ಅದು ಎಣ್ಣೆ. ಅದಕ್ಕೆ ಮತ್ತೊಂದು ಸುತ್ತು ಪಾತ್ರೆ ತೊಳೆಯುವ ಲಿಕ್ವಿಡ್. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಕೆಲಸ ಸಾಗುವುದಿಲ್ಲ: ಗಮ್ ಪದರಕ್ಕೆ ಎಷ್ಟು ಸೋಪು ಹಾಕಿದರೂ ಅದು ಅಲ್ಲೇ ಇರುತ್ತದೆ.

ಮೂರನೆಯ ಸಾಧ್ಯತೆಯೂ ಇದೆ. ಅಂಟೂ ಇಲ್ಲ, ಜಿಡ್ಡೂ ಇಲ್ಲ, ಆದರೆ ಆ ಜಾಗ ಮಾತ್ರ ಹೊಳೆಯುತ್ತದೆ ಅಥವಾ ನವಿರು ಎದ್ದು ಬೆಳ್ಳಗೆ ಕಾಣುತ್ತದೆ. ಅದು ಜೋರಾಗಿ ಕೆರೆದು ಎಳೆಗಳು ಸವೆದಿರುವುದು. ಅದನ್ನು ಸರಿ ಮಾಡಲು ಬರುವುದಿಲ್ಲ, ಇನ್ನಷ್ಟು ಉಜ್ಜಿ ತೂತು ಮಾಡಿಕೊಳ್ಳಬೇಡಿ.

ಗೊತ್ತಿಲ್ಲದೆ ಒಗೆದು, ಇಸ್ತ್ರಿಯನ್ನೂ ಮಾಡಿಸಿಬಿಟ್ಟಿದ್ದೇವೆ. ಈಗ ಗಮ್ ಬಟ್ಟೆಯ ಹಿಂಬದಿಗೂ ಇಳಿದಿದೆ.

ಕಷ್ಟ, ಆದರೆ ಕೈಬಿಡುವಂಥದ್ದಲ್ಲ. ಇಲ್ಲಿ ಫ್ರೀಜರಿನಿಂದ ಹೆಚ್ಚು ಉಪಯೋಗವಿಲ್ಲ, ಎಬ್ಬಿಸಲು ಉಬ್ಬೇ ಇರುವುದಿಲ್ಲ. ನೇರವಾಗಿ ಎಣ್ಣೆಗೆ ಬನ್ನಿ, ಆದರೆ ಹಿಂಬದಿಯಿಂದ. ಪ್ಯಾಂಟನ್ನು ಒಳಗು ಹೊರಗು ಮಾಡಿ, ಕಲೆಯ ಮುಖವನ್ನು ಹಳೇ ಬಟ್ಟೆಯ ಮಡಿಕೆಗೆ ಒತ್ತಿ ಇಟ್ಟು, ಹಿಂದಿನಿಂದ ಹತ್ತಿಯಲ್ಲಿ ಎಣ್ಣೆ ಒತ್ತಿ. ಮೆತ್ತಗಾದ ಗಮ್ ಕೆಳಗಿನ ಬಟ್ಟೆಗೆ ಇಳಿಯಬೇಕು. ಹತ್ತು ನಿಮಿಷಕ್ಕೊಮ್ಮೆ ಆ ಬಟ್ಟೆಯ ಮಡಿಕೆ ಬದಲಿಸಿ. ಮೂರು ನಾಲ್ಕು ಸುತ್ತು ಬೇಕಾಗಬಹುದು.

ಇಸ್ತ್ರಿ ಅಂಗಡಿಗೆ ಬಟ್ಟೆ ಕೊಡುವವರು ಒಂದು ಮಾತು ನೆನಪಿಡಿ: ಗಮ್ ಇರುವ ಬಟ್ಟೆಯನ್ನು ಹೇಳದೆ ಕೊಟ್ಟರೆ ನಿಮ್ಮ ಪ್ಯಾಂಟಷ್ಟೇ ಹಾಳಾಗುವುದಿಲ್ಲ. ಇಸ್ತ್ರಿಪೆಟ್ಟಿಗೆಯ ತಳಕ್ಕೆ ಹಿಡಿದ ಗಮ್ ಮುಂದಿನವರ ಬಿಳಿ ಅಂಗಿಯ ಮೇಲೆ ಕಂದು ಗೆರೆ ಎಳೆಯುತ್ತದೆ, ಅದರ ದಂಡ ಕಟ್ಟುವುದು ಇಸ್ತ್ರಿ ಮಾಡುವವರು. ಹೊರದೇಶಗಳಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಬಳಸುವವರಿಗೂ ಇದೇ ಎಚ್ಚರಿಕೆ. ಬಿಸಿಗಾಳಿಗೆ ಕರಗಿದ ಗಮ್ ಡ್ರೈಯರಿನ ಒಳಗೋಡೆಗೂ ಮೆತ್ತುತ್ತದೆ, ಎಣ್ಣೆ ಪೂರ್ತಿ ಹೋಗದ ಬಟ್ಟೆಯನ್ನು ಅದರೊಳಗೆ ಹಾಕಿದರೆ ಬೆಂಕಿಯ ಭಯವೂ ಇದೆ.

ಪೇಪರ್ ಇಟ್ಟು ಇಸ್ತ್ರಿ ಮಾಡಿದರೆ ಗಮ್ ಪೇಪರಿಗೆ ಬರುತ್ತದೆ ಎನ್ನುತ್ತಾರಲ್ಲ?

ಬರುತ್ತದೆ, ಅರ್ಧ. ಉಳಿದರ್ಧ ಬಟ್ಟೆಯ ಒಳಕ್ಕೆ ಹೋಗುತ್ತದೆ. ಫ್ರೀಜರ್ ಇರುವ ಮನೆಯಲ್ಲಿ ಈ ಉಪಾಯಕ್ಕೆ ಕೈಹಾಕಲು ನಮಗೆ ಕಾರಣ ಕಾಣುವುದಿಲ್ಲ. ಬಿಸಿ ವಿನಿಗರ್ ಹಚ್ಚುವುದೂ ಅಷ್ಟೇ, ಕೆಲಸ ಮಾಡುವುದು ಹೆಚ್ಚಾಗಿ ಅದರ ಬಿಸಿ.

ನೇಲ್ ಪಾಲಿಶ್ ರಿಮೂವರ್, ಸ್ಯಾನಿಟೈಸರ್, ಸೀಮೆಎಣ್ಣೆ, ಪೆಟ್ರೋಲ್?

ರಿಮೂವರಿನಲ್ಲಿ ಹೆಚ್ಚಾಗಿ ಇರುವುದು ಅಸಿಟೋನ್. ಅದು ಗಮ್‌ನ ರಾಳವನ್ನು ಕರಗಿಸುತ್ತದೆ, ರಬ್ಬರನ್ನು ಅಷ್ಟಾಗಿ ಅಲ್ಲ. ಹತ್ತಿ, ಪಾಲಿಯೆಸ್ಟರ್ ಬಟ್ಟೆಗೆ ಅದರಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಆದರೆ ಅಸಿಟೇಟ್ ಲೈನಿಂಗ್ ಇರುವ ಕೋಟು, ಸ್ಕರ್ಟಿಗೆ ತಾಗಿದರೆ ಲೈನಿಂಗೇ ಕರಗಿ ತೂತು ಬೀಳುತ್ತದೆ. ಲೈನಿಂಗ್ ಯಾವುದು ಎಂದು ಮನೆಯಲ್ಲಿ ಹೇಳುವುದು ಕಷ್ಟ, ಹಾಗಾಗಿ ಲೈನಿಂಗ್ ಇದ್ದರೆ ರಿಮೂವರ್ ಬೇಡ. ಬಣ್ಣ ಬೆರೆಸಿದ ರಿಮೂವರ್ ಬಿಳಿ ಅಂಗಿಗೆ ತನ್ನ ಬಣ್ಣ ಬಿಟ್ಟುಹೋಗುವುದೂ ಉಂಟು.

ಸ್ಯಾನಿಟೈಸರ್ ದುರ್ಬಲ, ಆದರೆ ನಿರುಪಾಯವಾದಾಗ ಸಣ್ಣ ಪದರಕ್ಕೆ ಪರವಾಗಿಲ್ಲ. ಸೀಮೆಎಣ್ಣೆ ಗಮ್ ಬಿಡಿಸುತ್ತದೆ ಎನ್ನುವುದು ನಿಜ, ಆದರೆ ವಾಸನೆ ನಾಲ್ಕು ಸಲ ಒಗೆದರೂ ಹೋಗುವುದಿಲ್ಲ, ಮಗು ಅದನ್ನು ಮೈಮೇಲೆ ಹಾಕಿಕೊಂಡು ದಿನವಿಡೀ ಕೂರಬೇಕು. ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ನೆಲಮಟ್ಟದಲ್ಲಿ ಹರಿದು ಪಕ್ಕದ ಕೋಣೆಯ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ತಲುಪಬಲ್ಲದು. ಒಂದು ಪ್ಯಾಂಟಿಗಾಗಿ ಅಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಬಾರದು.

ಸ್ವೆಟರ್, ಟೈ, ಪಿ.ಟಿ. ಟೀ ಶರ್ಟ್?

ಟೀ ಶರ್ಟ್ ಹೆಣಿಗೆಯ ಬಟ್ಟೆ, ಎಳೆದ ಕಡೆ ಹಿಗ್ಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಕೆರೆಯದೆ, ಒಳಗೊಂದು ರಟ್ಟು ತೂರಿಸಿ ಬಿಗಿಯಾಗಿ ಹಾಸಿ ಕೆರೆಯಿರಿ. ಎದೆಯ ಮೇಲೆ ಅಚ್ಚು ಹಾಕಿದ ಶಾಲೆಯ ಲಾಂಛನಕ್ಕೆ ನೀಲಗಿರಿ ಎಣ್ಣೆಯಾಗಲಿ ರಿಮೂವರ್ ಆಗಲಿ ತಾಗದಿರಲಿ, ಅಚ್ಚಿನ ಬಣ್ಣ ಮೆತ್ತಗಾಗಿ ಕಿತ್ತುಬರುತ್ತದೆ. ದಾರದಲ್ಲಿ ಕಸೂತಿ ಮಾಡಿದ ಲಾಂಛನವಾದರೆ ಇಷ್ಟು ಭಯವಿಲ್ಲ.

ಸ್ವೆಟರಿನಲ್ಲಿ ಗಮ್ ನೂಲಿನ ನವಿರಿಗೆ ಸುತ್ತಿಕೊಂಡಿರುತ್ತದೆ. ಎರಡು ಗಂಟೆ ಫ್ರೀಜರಿನಲ್ಲಿಟ್ಟು, ಚಮಚದ ಬದಲು ಬೆರಳುಗುರಿನಲ್ಲಿ ಹಿಸುಕಿ ಪುಡಿ ಮಾಡಿ ಉದುರಿಸಿ. ಕೆರೆದರೆ ನೂಲು ಕುಣಿಕೆ ಎದ್ದು ಬರುತ್ತದೆ. ಟೈಯ ಒಳಗೆ ಬೇರೆ ಬಟ್ಟೆಯ ಪಟ್ಟಿ ಇರುತ್ತದೆ, ಅದಕ್ಕೆ ಎಣ್ಣೆ ಇಳಿದರೆ ತೆಗೆಯುವುದು ಕಷ್ಟ. ಫ್ರೀಜರಿಗೆ ನಿಲ್ಲಿಸಿ, ಉಳಿದ ಪದರಕ್ಕೆ ಹತ್ತಿಯ ತುದಿಯಲ್ಲಿ ಒಂದೇ ಹನಿ.

ಸೋಫಾ ಬಟ್ಟೆಗೆ ಅಂಟಿದೆ. ಫ್ರೀಜರಿಗೆ ಹಾಕಲಾಗುವುದಿಲ್ಲವಲ್ಲ?

ಮೊದಲು ಕುಶನ್ನಿನ ಹಿಂಬದಿಯಲ್ಲಿ ಜಿಪ್ ಇದೆಯೇ ನೋಡಿ. ಇದ್ದರೆ ಕವರ್ ಬಿಚ್ಚಿ ಫೋಮ್ ಹೊರತೆಗೆದು, ಪ್ಯಾಂಟಿಗೆ ಹೇಳಿದಂತೆಯೇ ಫ್ರೀಜರಿಗೆ ಹಾಕಿ. ಜಿಪ್ ಇರುವುದು ಒಗೆಯಲಿಕ್ಕೆಂದೇ ಎಂದು ಮಾತ್ರ ಭಾವಿಸಬೇಡಿ, ಕೆಲವು ಬಟ್ಟೆ ನೀರಿಗೆ ಕುಗ್ಗಿ ಮತ್ತೆ ಫೋಮಿಗೆ ಹಾಕಲು ಬರುವುದೇ ಇಲ್ಲ. ಒಳಗಿನ ಲೇಬಲ್ಲಿನಲ್ಲಿ ಡಬ್ಲ್ಯೂ ಅಕ್ಷರ ಇದ್ದರೆ ನೀರು ಬೆರೆತ ಸೋಪು ಆಗುತ್ತದೆ. ಎಸ್ ಇದ್ದರೆ ನೀರು ಬೇಡ, ಡ್ರೈಕ್ಲೀನಿಂಗ್ ದ್ರಾವಕ ಮಾತ್ರ. ಎರಡೂ ಇದ್ದರೆ ಎರಡೂ ಸರಿ. ಎಕ್ಸ್ ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಮುಟ್ಟಿಸಬಾರದು. ಊರಿನಲ್ಲೇ ಮಾಡಿಸಿದ ಸೋಫಾಗಳಿಗೆ ಸಾಮಾನ್ಯವಾಗಿ ಲೇಬಲ್ ಇರುವುದಿಲ್ಲ. ಆಗ ಸೀಟಿನ ಹಿಂದೆ, ಗೋಡೆ ಕಡೆಯ ಮೂಲೆಯಲ್ಲಿ ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಎಣ್ಣೆ ಹಾಕಿ ಒಣಗಲು ಬಿಟ್ಟು ನೋಡಿ. ನೀರಿನ ಉಂಗುರ ಉಳಿದರೆ ಆ ಬಟ್ಟೆಗೆ ನೀರು ಆಗದು.

ಜಿಪ್ ಇಲ್ಲದ ಸೋಫಾಗೆ ಐಸ್. ಮೂರು ನಾಲ್ಕು ತುಂಡು ಐಸನ್ನು ಎರಡು ಕವರಿನಲ್ಲಿ ಕಟ್ಟಿ, ಕವರಿನ ಹೊರಮೈಯ ನೀರು ಒರೆಸಿ, ಗಮ್ ಮೇಲಿಟ್ಟು ಹದಿನೈದು ನಿಮಿಷ ಬಿಡಿ. ಐದು ನಿಮಿಷಕ್ಕೊಮ್ಮೆ ಕವರಿನ ಬೆವರು ಒರೆಸುತ್ತಿರಿ. ಕೆಳಗೆ ಫೋಮ್ ಮೆತ್ತಗಿರುವುದರಿಂದ ಪ್ಯಾಂಟಿನಂತೆ ಬಗ್ಗಿಸಿ ಸೀಳಲು ಬರುವುದಿಲ್ಲ. ಅದಕ್ಕೆ ಬದಲು ಚಮಚದ ಹಿಂಬದಿಯಿಂದ ಗಮ್ ಮೇಲೆ ಟಕಟಕ ತಟ್ಟಿ ಬಿರುಕು ಬಿಡಿಸಿ, ಅಂಚಿನಿಂದ ಎಬ್ಬಿಸಿ. ವೆಲ್ವೆಟ್ ಆದರೆ ನವಿರು ಮಲಗುವ ದಿಕ್ಕಿನಲ್ಲೇ ಎಬ್ಬಿಸಬೇಕು, ಎದುರು ದಿಕ್ಕಿಗೆ ಕೆರೆದರೆ ಬೋಳು ತೇಪೆ ಉಳಿಯುತ್ತದೆ.

ಉಳಿದ ಪದರಕ್ಕೆ ನೀಲಗಿರಿ ಎಣ್ಣೆಯನ್ನು ಸೋಫಾದ ಮೇಲೆ ನೇರವಾಗಿ ಹನಿಸಬೇಡಿ. ಬಿಳಿ ಬಟ್ಟೆಯ ತುದಿಗೆ ಎರಡು ಮೂರು ಹನಿ ಹಾಕಿ, ಆ ತುದಿಯಿಂದ ಒತ್ತಿ ಒತ್ತಿ ತೆಗೆಯಿರಿ. ಸುರಿದರೆ ಎಣ್ಣೆ ಬಟ್ಟೆ ದಾಟಿ ಫೋಮಿಗೆ ಇಳಿಯುತ್ತದೆ, ಅಲ್ಲಿಂದ ಅದನ್ನು ಹೊರತರುವ ದಾರಿಯಿಲ್ಲ. ಕೊನೆಗೆ, ನೀರು ಒಗ್ಗುವ ಬಟ್ಟೆಯಾದರೆ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕಾಲು ಟೀ ಚಮಚ ಹಾಕಿ ಕಲಕಿ, ಮೇಲಿನ ನೊರೆಯನ್ನಷ್ಟೇ ಬಟ್ಟೆಯಲ್ಲಿ ತೆಗೆದು ಒರೆಸಿ, ಆಮೇಲೆ ಬರೀ ನೀರಿನ ಹಿಂಡಿದ ಬಟ್ಟೆಯಲ್ಲಿ ಎರಡು ಸಲ ಒರೆಸಿ ಫ್ಯಾನ್ ಹಾಕಿ.

ರೆಕ್ಸಿನ್ ಸೋಫಾ?

ಸುಲಭ, ಒಂದು ತಪ್ಪು ಮಾಡದಿದ್ದರೆ. ಐಸ್ ಇಟ್ಟರೆ ಗಮ್ ಬಹುತೇಕ ಒಂದೇ ತುಂಡಾಗಿ ಕಳಚುತ್ತದೆ. ಚಾಕು ಬೇಡ, ಹಳೇ ಎಟಿಎಂ ಕಾರ್ಡಿನ ಅಂಚು ಸಾಕು. ಉಳಿದದ್ದಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ, ಆಮೇಲೆ ಸೋಪುನೀರಿನ ಬಟ್ಟೆ. ರಿಮೂವರ್ ಹಾಕುವುದೇ ಆ ತಪ್ಪು: ರೆಕ್ಸಿನ್ನಿನ ಮೇಲ್ಪದರ ಮಂಕಾಗಿ, ಬಿರುಸಾಗಿ, ಮುಂದೆ ಅಲ್ಲಿಂದಲೇ ಸಿಪ್ಪೆ ಏಳಲು ಶುರುವಾಗುತ್ತದೆ.

ಕಾರ್ಪೆಟ್ಟಿನ ಎಳೆಗಳೊಳಗೆ ತುಳಿದು ಸೇರಿಹೋಗಿದೆ.

ಸೋಫಾಗೆ ಹೇಳಿದ ಐಸಿನ ಕ್ರಮವೇ ಇಲ್ಲಿಗೂ. ಐಸ್ ಕವರಿನ ಮೇಲೆ ನೀರು ತುಂಬಿದ ಚೊಂಬು ಇಟ್ಟರೆ ತಂಪು ಎಳೆಗಳ ಬುಡಕ್ಕೂ ಇಳಿಯುತ್ತದೆ, ಇಪ್ಪತ್ತು ನಿಮಿಷ ಬಿಡಿ. ಆಮೇಲೆ ತಟ್ಟಿ ಒಡೆದು, ಎದ್ದ ಚೂರುಗಳನ್ನು ಕೂಡಲೇ ವ್ಯಾಕ್ಯೂಮ್‌ನಲ್ಲೋ ಅಗಲದ ಟೇಪಿನಲ್ಲೋ ತೆಗೆಯಿರಿ. ಕಾರ್ಪೆಟ್ಟಿನಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ: ಒಡೆದ ಚೂರುಗಳು ಎಳೆಗಳ ಬುಡಕ್ಕೆ ಉದುರಿ, ಹತ್ತು ನಿಮಿಷದಲ್ಲಿ ಬೆಚ್ಚಗಾಗಿ, ಒಂದು ಕಲೆಯ ಜಾಗದಲ್ಲಿ ಹತ್ತು ಚಿಕ್ಕ ಕಲೆಗಳಾಗುತ್ತವೆ.

ಎಣ್ಣೆ ಬಳಸುವಾಗ ಕಾರ್ಪೆಟ್ಟಿನ ಹಿಂಬದಿ ನೆನಪಿರಲಿ. ಯಂತ್ರದಲ್ಲಿ ಮಾಡಿದ ಹೆಚ್ಚಿನ ಕಾರ್ಪೆಟ್ಟುಗಳಲ್ಲಿ ಎಳೆಗಳನ್ನು ಹಿಂದಿನ ಬಟ್ಟೆಗೆ ಹಿಡಿದಿಡುವುದು ಲೇಟೆಕ್ಸ್ ಎಂಬ ರಬ್ಬರ್ ಅಂಟು. ಗಮ್‌ನ ರಬ್ಬರನ್ನು ಸಡಿಲಿಸುವ ದ್ರಾವಕ ಆ ಅಂಟನ್ನೂ ಸಡಿಲಿಸುತ್ತದೆ. ಬಾಟಲಿಯಿಂದ ಸುರಿದರೆ ಒಂದೆರಡು ದಿನದಲ್ಲಿ ಆ ಜಾಗ ಉಬ್ಬುತ್ತದೆ, ಎಳೆಗಳು ಕೈಗೆ ಕಿತ್ತುಬರುತ್ತವೆ. ಆದ್ದರಿಂದ ಒಂದು ಗೊಂಚಲು ಎಳೆಯನ್ನು ಎಣ್ಣೆ ತಾಗಿಸಿದ ಬಟ್ಟೆಯ ಮಧ್ಯೆ ಎರಡು ಬೆರಳಲ್ಲಿ ಹಿಡಿದು, ಬುಡದಿಂದ ತುದಿಗೆ ನೇವರಿಸಿ ತೆಗೆಯಿರಿ, ಕೂದಲಿಂದ ಹೇನು ತೆಗೆದಂತೆ. ಬೇಸರದ ಕೆಲಸ ಹೌದು, ಆದರೆ ಬುಡಕ್ಕೆ ಎಣ್ಣೆ ಇಳಿಯದಂತೆ ಮಾಡಲು ಬೇರೆ ದಾರಿ ಇಲ್ಲ. ನಂತರ ನೊರೆ, ನಂತರ ಬರೀ ನೀರಿನ ಬಟ್ಟೆ. ಸೋಪು ಉಳಿದರೆ ಅದೂ ಜಿಗುಟೇ, ಆ ಜಾಗ ಬೇಗ ಕೊಳೆ ಹಿಡಿಯುತ್ತದೆ. ಕೊನೆಗೆ ನಾಲ್ಕಾರು ಟಿಶ್ಯೂ ಒಟ್ಟಿ ಮೇಲೆ ಭಾರವಾದ ಪುಸ್ತಕವಿಟ್ಟು ತೇವ ಹೀರಿಸಿ.

ಸೆಣಬು ಅಥವಾ ನಾರಿನ ಹಾಸು ಆದರೆ ನೀರು ತಾಗಿದ ಕಡೆ ಕಂದು ಕಲೆ ಏಳಬಹುದು, ಐಸ್ ಕವರು ಸೋರದಂತೆ ನೋಡಿಕೊಂಡು ನೊರೆಯ ಹಂತ ಬಿಟ್ಟುಬಿಡಿ. ಕೈಯಿಂದ ಗಂಟು ಹಾಕಿ ನೇಯ್ದ ಉಣ್ಣೆಯ ದುಬಾರಿ ಕಾರ್ಪೆಟ್ಟಿಗೆ ಐಸ್ ಇಟ್ಟು ಬಂದಷ್ಟನ್ನು ತೆಗೆದು ನಿಲ್ಲಿಸಿ. ಬಟ್ಟೆ ಒಗೆಯುವ ಪುಡಿಯಲ್ಲಿ ಕ್ಷಾರ ಇರುತ್ತದೆ, ಅದು ಉಣ್ಣೆಗೆ ಒಗ್ಗುವುದಿಲ್ಲ.

ಗಮ್ ಹಿಡಿದ ಎಳೆಗಳನ್ನು ಕತ್ತರಿಸಿಬಿಡಬಹುದೇ?

ಎಳೆಯ ತುದಿಗಳು ಬಿಡಿಬಿಡಿಯಾಗಿ ನಿಂತ ಕಾರ್ಪೆಟ್ಟಿನಲ್ಲಿ, ತುದಿಯಲ್ಲಷ್ಟೇ ಗಮ್ ಇದ್ದರೆ, ಎರಡು ಮಿಲಿಮೀಟರ್‌ವರೆಗೆ ಕತ್ತರಿಸಿದರೆ ಕಾಣುವುದಿಲ್ಲ. ಎಳೆಗಳು ಕುಣಿಕೆಯಾಗಿ ಬಾಗಿ ಒಳಹೋಗಿರುವ ಕಾರ್ಪೆಟ್ಟಿನಲ್ಲಿ ಒಂದು ಕುಣಿಕೆ ಕತ್ತರಿಸಿದರೂ ಸಾಲು ಬಿಚ್ಚಿಕೊಳ್ಳಬಹುದು. ಸ್ವೆಟರಿಗೂ ಇದೇ ಮಾತು.

ಡ್ರೈಕ್ಲೀನರ್ ಹತ್ತಿರ ಯಾವಾಗ ಹೋಗಬೇಕು?

ಬ್ಲೇಜರ್ ಆದರೆ ಮೊದಲೇ ಹೋಗಿ. ಅದರ ಒಳಗೆ ಬಿಸಿ ಕೊಟ್ಟು ಅಂಟಿಸಿದ ಕ್ಯಾನ್ವಾಸ್ ಇರುತ್ತದೆ, ಎಣ್ಣೆ ಇಳಿದರೆ ಅದು ಬಿಟ್ಟುಕೊಂಡು ಎದೆಯ ಭಾಗ ಗುಳ್ಳೆಯೆದ್ದಂತೆ ಕಾಣುತ್ತದೆ. ಎರಡು ಸುತ್ತು ಎಣ್ಣೆಗೂ ಬಗ್ಗದ ಕಲೆ, ಲೇಬಲ್ಲಿನಲ್ಲಿ ಎಸ್ ಇರುವ ಸೋಫಾ ಕವರ್, ಬಣ್ಣ ಬಿಡುವ ಬಟ್ಟೆ ಇವೂ ಅವರ ಕೆಲಸವೇ. ಅವರು ಬಳಸುವ ದ್ರಾವಕ ಗಮ್ ಅನ್ನು ಕರಗಿಸಬಲ್ಲದು, ಆದರೆ ಆ ಜಾಗ ಗೊತ್ತಿದ್ದರೆ ಮಾತ್ರ ಮೊದಲು ಅದಕ್ಕೆ ಕೈಹಾಕುತ್ತಾರೆ. ಕೊಡುವಾಗ ಕಲೆಯ ಸುತ್ತ ದಾರದಿಂದ ನಾಲ್ಕು ಸಡಿಲ ಹೊಲಿಗೆ ಹಾಕಿ ಗುರುತು ಮಾಡಿ. ಗಮ್ ಎಂದು ಚೀಟಿಯ ಮೇಲೆ ಬರೆಸಿ, ಮನೆಯಲ್ಲಿ ಏನೇನು ಹಚ್ಚಿದ್ದೀರಿ ಎಂಬುದನ್ನೂ ಹೇಳಿ. ಪಿನ್ ಚುಚ್ಚಬೇಡಿ, ತುಕ್ಕು ಹಿಡಿದರೆ ಇನ್ನೊಂದು ಕಲೆಯಾಗುತ್ತದೆ.